ಸೀತಾರಾಮಪ್ಪನವರ ಕವರಿಂಗ್ ಲೆಟರ್

ತೀರ್ಥಹಳ್ಳಿಯ ಮುನ್ಸಿಫ್ ಕೋರ್ಟಿನ ಎದುರಿಗೆ, ಒಂದು ಜವಳಿ ಅಂಗಡಿಯ ಜಗುಲಿಯಲ್ಲಿ, ಸೀತಾರಾಮಪ್ಪನವರು ಇಪ್ಪತ್ತೆರಡು ವರ್ಷದಿಂದ ಟೈಪ್‌ರೈಟರ್ ಇಟ್ಟುಕೊಂಡು ಕೂತಿದ್ದರು. ಗೇಣಿ ಮನೆತನದಲ್ಲಿ ಹುಟ್ಟಿದವರು. ಉಳುವ ಬದಲು ಕುಟ್ಟುವ ಕಸುಬು ಹಿಡಿದದ್ದಕ್ಕೆ ಅವರ ಅಪ್ಪ ಸಾಯುವವರೆಗೂ ಬೇಸರ ಮಾಡಿಕೊಂಡಿದ್ದರಂತೆ. ಆದರೆ ಹದ್ದುಬಸ್ತಿನ ತಕರಾರಿರಲಿ, ಖಾತೆ ಬದಲಾವಣೆಯಿರಲಿ, ಬಾವಿ ತೋಡುವ ಪರವಾನಗಿಯಿರಲಿ, ಆಸುಪಾಸಿನ ಮೂರು ತಾಲ್ಲೂಕಿನ ಜನ ಅವರ ಜಗುಲಿಗೇ ಬರುತ್ತಿದ್ದರು. ಅರ್ಜಿ ಇದ್ದವರಿಗೆಲ್ಲ ಅರ್ಜೆಂಟೂ ಇರುತ್ತಿತ್ತು. ಅರ್ಜೆಂಟ್ ಇಲ್ಲದವರು ಸೀತಾರಾಮಪ್ಪನವರೊಬ್ಬರೇ.

ಅವರಿಗೊಂದು ಹೆಮ್ಮೆಯಿತ್ತು. ಅವರ ಕೈಯಿಂದ ಹೊರಟ ಯಾವ ಕಾಗದವೂ 'ನಮೂನೆ ಸರಿಯಿಲ್ಲ' ಎಂದು ಇದುವರೆಗೆ ವಾಪಸು ಬಂದಿರಲಿಲ್ಲ. ಅದರ ಗುಟ್ಟೇನೆಂದು ಕೇಳಿದವರಿಗೆ, "ಐ ಬೆಗ್ ಅಂತ ಶುರು ಮಾಡ್ಬೇಕು ಮಾರಾಯ್ರೆ. ಬೆಗ್ ಅಂದ್ರೆ ಕೆಲ್ಸ ಬೇಗ" ಎನ್ನುತ್ತಿದ್ದರು. ಕಾಗದದಲ್ಲಿ ಏನಿದೆ ಎಂಬುದು ಅವರಿಗೆ ಅಷ್ಟು ಮುಖ್ಯವಲ್ಲ. ಅದನ್ನು ಅವರ ಬೆರಳುಗಳು ಓದಿಕೊಳ್ಳುತ್ತಿದ್ದವು. ಸೀತಾರಾಮಪ್ಪನವರು ಆ ಹೊತ್ತಿನಲ್ಲಿ ಎಲೆ ಅಡಿಕೆ ಜಗಿಯುತ್ತ ಬೀದಿ ನೋಡುತ್ತಿದ್ದರು.

ಐವತ್ತೇಳನೇ ಇಸವಿಯ ನವೆಂಬರಿನಲ್ಲಿ, ಒಂದು ಶುಕ್ರವಾರ ಮಧ್ಯಾಹ್ನ, ಹೊಸನಗರದ ನಿವೃತ್ತ ಮೇಷ್ಟ್ರು ವೃಷಭರಾಜಯ್ಯನವರ ಮಗಳು ಧರ್ಮಾವತಿ ಆ ಜಗುಲಿಗೆ ಬಂದಳು. ಕೈಯಲ್ಲಿ ಒಂದು ರಟ್ಟಿನ ಚೀಲ, ಅದರೊಳಗೆ ಪತ್ರಿಕೆಯಿಂದ ಕತ್ತರಿಸಿದ ಒಂದು ಜಾಹೀರಾತು, ಆಸ್ಪತ್ರೆಯ ಡಾಕ್ಟರಿಂದ ದೃಢೀಕರಿಸಿಕೊಂಡ ಸರ್ಟಿಫಿಕೇಟುಗಳ ನಕಲು, ತುಂಬಿಸಿದ ಅರ್ಜಿ, ಮತ್ತು ದುಂಡಗಿನ ಕೈಬರಹದಲ್ಲಿ ಇಂಗ್ಲಿಷಿನ ಒಂದು ಪುಟ.

ಸೀತಾರಾಮಪ್ಪನವರು ಮೊದಲು ಅರ್ಜಿಯ ಮೇಲೆ ಕಣ್ಣಾಡಿಸಿದರು. ವಿದ್ಯಾರ್ಹತೆಯ ಕಾಲಮಿನಲ್ಲಿ 'ಬಿ.ಎ. (ಫೈನ್)' ಎಂದಿತ್ತು.

"ಇದೆಂತ ತಂಗಿ? ಬಿ.ಎ. ಮಾಡಿದ್ದಕ್ಕೆ ಫೈನ್ ಬೇರೆ ಹಾಕಿದ್ರಾ?"

ಕೋರ್ಟಿನೆದುರು ಕೂತವರಿಗೆ ಫೈನೆಂದರೆ ದಂಡ ತಾನೆ. ಧರ್ಮಾವತಿ ನಕ್ಕಳು. "ಅಲ್ಲ ಸೀತಾರಾಮಪ್ಪೋರೆ. ಫೈನ್ ಆರ್ಟ್ಸು. ಚಿತ್ರ, ಶಿಲ್ಪ, ಅದರ ಚರಿತ್ರೆ. ಬರೋಡೆಯಲ್ಲಿ ಸೋದರಮಾವನ ಮನೇಲಿದ್ದು ನಾಲ್ಕು ವರ್ಷ ಓದಿದ್ದು."

"ಓದಿ?"

"ಓದಿ ಎರಡು ವರ್ಷದಿಂದ ಮನೇಲಿದೀನಿ. ನಮ್ಮಪ್ಪನ್ನ ಕೇಳಿದ್ರೆ ಅವರೂ ಫೈನ್ ಅಂದ್ರೆ ದಂಡ ಅಂತಲೇ ಹೇಳ್ತಾರೆ."

ಇದನ್ನವಳು ನಗುತ್ತಲೇ ಹೇಳಿದರೂ ವಿಷಯ ನಗುವಂಥದ್ದಾಗಿರಲಿಲ್ಲ. ಮೂಡುಬಿದಿರೆಯ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಡಿಸೆಂಬರಿನೊಳಗೆ ಕೆಲಸವೇನಾದರೂ ಸಿಕ್ಕಿದರೆ ಸರಿ, ಇಲ್ಲದಿದ್ದರೆ ಮಾತುಕತೆ ಮುಂದುವರಿಸುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಕೆಲಸ ಸಿಗುವಂಥ ಜಾಹೀರಾತು ಎರಡು ವರ್ಷದಲ್ಲಿ ಬಂದದ್ದು ಇದೊಂದೇ. ಮೈಸೂರಿನಲ್ಲಿ ಒಂದು ಟ್ರಸ್ಟಿನವರು ಹೊಸದಾಗಿ ವಸ್ತುಸಂಗ್ರಹಾಲಯ ತೆರೆಯುತ್ತಿದ್ದರು. ಅದಕ್ಕೊಬ್ಬ ಶಿಕ್ಷಣಾಧಿಕಾರಿ ಬೇಕಾಗಿತ್ತು. ಶಾಲೆಯ ಮಕ್ಕಳು, ಸಾಮಾನ್ಯ ಜನ ಬಂದಾಗ ಒಳಗಿರುವ ವಸ್ತುಗಳನ್ನು ಅವರಿಗೆ ತಿಳಿಯುವಂತೆ ಮಾಡುವ ಕೆಲಸ. ಕಲೆಯಲ್ಲಿ ಪದವಿ ಕಡ್ಡಾಯ. ಜಾಹೀರಾತಿನ ಕೊನೆಯಲ್ಲಿ ಹೀಗಿತ್ತು: 'ಮ್ಯೂಸಿಯಂ ಎಂಬುದನ್ನೇ ಕಂಡಿರದ ಜನರನ್ನು ತಾವು ಹೇಗೆ ಅದರೊಳಕ್ಕೆ ಕರೆತರುವಿರಿ ಎಂದು ತಿಳಿಸುವ, ಒಂದು ಪುಟ ಮೀರದ, ಟೈಪು ಮಾಡಿದ ಕವರಿಂಗ್ ಲೆಟರ್ ಜೊತೆಗಿರಬೇಕು. ಅದಿಲ್ಲದ ಅರ್ಜಿಗಳನ್ನು ಪರಿಶೀಲಿಸಲಾಗುವುದಿಲ್ಲ. ಹದಿನೈದನೆಯ ತಾರೀಖು ಶುಕ್ರವಾರದೊಳಗೆ ತಲುಪತಕ್ಕದ್ದು.'

ಈ ಕೊನೆಯ ಭಾಗವನ್ನು ಸೀತಾರಾಮಪ್ಪನವರು ಓದಲಿಲ್ಲ. 'ಕವರಿಂಗ್ ಲೆಟರ್' ಎಂಬ ಎರಡು ಪದ ಕಂಡವು, ಸಾಕಾಯಿತು.

"ಬಿಡಿ, ಇಪ್ಪತ್ತೆರಡು ವರ್ಷದಿಂದ ಅದೇ ಮಾಡ್ತಾ ಇದೀನಿ. ನಾಳೆ ಬನ್ನಿ, ರೆಡಿ ಇರ್ತದೆ."

"ನಾಳೆ ಬರೋಕಾಗಲ್ಲ. ಶನಿವಾರ ಮಿಡ್ಲ್ ಸ್ಕೂಲಿನ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡ್ತೀನಿ. ಈಗ ನಾಲ್ಕೂವರೆ ಬಸ್ಸಿಗೆ ಹೋಗ್ಬೇಕು."

"ಹಂಗಾದ್ರೆ ಈ ಖಾಲಿ ಹಾಳೆ ಕೆಳಗೆ ಸಹಿ ಹಾಕಿಡಿ. ಟೈಪು ಮಾಡಿ ರಿಜಿಸ್ಟರ್ ಮಾಡಿ ಕಳಿಸ್ತೀನಿ. ರಸೀದಿ, ಆಫೀಸ್ ಕಾಪಿ ಎಲ್ಲ ಬಸ್ಸಿನ ತಿಮ್ಮಣ್ಣನ ಕೈಲಿ ಬರ್ತದೆ."

ಖಾಲಿ ಹಾಳೆಗೆ ಸಹಿ ಹಾಕುವುದು ಆ ಜಗುಲಿಯಲ್ಲಿ ಹೊಸದಲ್ಲ. ಊರೂರಿನವರು ಹೆಬ್ಬೆಟ್ಟು ಒತ್ತಿ, ನಂಬಿ ಹೋಗುತ್ತಿದ್ದರು. ಧರ್ಮಾವತಿಯೂ ಎರಡು ಹಾಳೆಗೆ ಸಹಿ ಹಾಕಿ, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಹೇಳಿ, ಬಸ್ಸಿಗೆ ಓಡಿದಳು.

ಶನಿವಾರ ಬೆಳಿಗ್ಗೆ ಸೀತಾರಾಮಪ್ಪನವರು ಅವಳ ಪುಟವನ್ನು ಮುಂದಿಟ್ಟುಕೊಂಡರು. ಎಂದಿನಂತೆ ಬೆರಳಿಗೆ ಬಿಟ್ಟಿದ್ದರೆ ಅಪಾಯವಿರಲಿಲ್ಲ. ಎಷ್ಟಾದರೂ ಮೇಷ್ಟ್ರ ಮಗಳು, ಕೆಲಸದ ಪ್ರಶ್ನೆ ಎಂದು ಮೊದಲ ನಾಲ್ಕು ಸಾಲು ಓದಿದರು. ಗದ್ದೆಯ ಬದಿಯಲ್ಲಿ ಒಂದು ವೀರಗಲ್ಲಿದೆ ಎಂದಿತ್ತು. ಅದಕ್ಕೆ ಜನ ಕತ್ತಿ ಮಸೆಯುತ್ತಾರೆ ಎಂದಿತ್ತು. ಆಮೇಲೊಂದು ಹಸುವಿನ ಸುದ್ದಿ. ಬೆಗ್ ಇಲ್ಲ, ಸಬ್ಮಿಟ್ ಇಲ್ಲ. ಎಣಿಸಿದರು, 'ಐ' ಮಾತ್ರ ಹನ್ನೊಂದು ಸಲ ಇತ್ತು.

"ಪಾಪ, ಹುಡುಗಿಗೆ ಗೊತ್ತಿಲ್ಲ" ಎಂದು ಅವರಿಗೆ ನಿಜವಾಗಿಯೂ ಮರುಕವಾಯಿತು. ಇದನ್ನು ಹೀಗೇ ಕಳಿಸಿದರೆ ಆ ಟ್ರಸ್ಟಿನವರು ಗದ್ದೆಯಿಂದ ಕಲ್ಲು ತೆಗೆಸುವ ಅರ್ಜಿ ಎಂದುಕೊಂಡು ಅಮಲ್ದಾರರಿಗೆ ರವಾನಿಸುವುದು ಖಂಡಿತ. ಕವರಿಂಗ್ ಲೆಟರ್ ಎಂದರೆ ಏನು? ಕಚೇರಿಯಿಂದ ಕಚೇರಿಗೆ ಕಾಗದ ಹೋಗುವಾಗ ಮೇಲೆ ಹೊದೆಸುವ ಹಾಳೆ. ಒಳಗೆ ಇಂತಿಂಥ ಕಾಗದ ಇಷ್ಟಿವೆ ಎಂದು ಹೇಳಿ ಕೈಮುಗಿಯುವುದು. ಕವರಿನೊಳಗೆ ಎಲ್ಲಕ್ಕಿಂತ ಮೇಲೆ ಇರುವುದಕ್ಕೇ ಅದು ಕವರಿಂಗು. ಹೊದಿಕೆಯಲ್ಲಿ ಯಾರಾದರೂ ಹಸು ಕಟ್ಟುತ್ತಾರೆಯೆ?

ಹಾಗೆಂದುಕೊಂಡು ಅವರು ಟೈಪು ಮಾಡಿದ್ದು ಎರಡೇ ಸಾಲು. ತಮ್ಮ ಜಾಹೀರಾತಿಗೆ ಸಂಬಂಧಿಸಿ ಅರ್ಜಿ ಒಂದು, ದೃಢೀಕೃತ ನಕಲು ನಾಲ್ಕು, ಇವನ್ನು ಲಗತ್ತಿಸಲು ಬೇಡಿಕೊಳ್ಳುತ್ತೇನೆ. ತಲುಪಿದ ಬಗ್ಗೆ ತಿಳಿಸಲು ಬೇಡಿಕೊಳ್ಳುತ್ತೇನೆ. ಎರಡು ಸಾಲಿಗೆ ಎರಡು ಬೆಗ್. ಅಂಚು ಬಿಟ್ಟದ್ದು, ಸಾಲು ಕೂಡಿದ್ದು, ಸಹಿಯ ಮೇಲಿನ ಜಾಗ, ಎಲ್ಲ ನೋಡಿ ಹಿಗ್ಗಿ, ಅಂಚೆ ಕಚೇರಿಗೆ ತಾವೇ ಹೋಗಿ ರಿಜಿಸ್ಟರ್ ಮಾಡಿಬಂದರು.

ಕಾರ್ಬನ್ ಪ್ರತಿ ಸೋಮವಾರ ಸಂಜೆ ಹೊಸನಗರ ಮುಟ್ಟಿತು. ಧರ್ಮಾವತಿ ಮಂಗಳವಾರದ ಮೊದಲ ಬಸ್ಸಿಗೇ ಹತ್ತಿ, ಹತ್ತೂವರೆಗೆ ಜಗುಲಿಯ ಮುಂದೆ ನಿಂತಿದ್ದಳು. ಅವಳ ಮುಖವೂ ಕಾರ್ಬನ್ನಿನಂತೆಯೇ ಆಗಿತ್ತು. ಜಗುಲಿಯ ಮೇಲೆ ಆರಗದ ಜಟ್ಟಪ್ಪ ಎಂಬ ರೈತ ತನ್ನ ಬೇಲಿ ತಕರಾರು ಹೇಳುತ್ತಿದ್ದ.

"ಸೀತಾರಾಮಪ್ಪೋರೆ, ನನ್ನ ಲೆಟರ್ ಎಲ್ಲಿ?"

"ಕಳಿಸಿಲ್ವ? ಕಾಪಿ ಬಂತಲ್ಲ."

"ಇದು ನಂದಲ್ಲ. ನಾನು ಬರ್ಕೊಟ್ಟ ಪುಟ ಎಲ್ಲಿ?"

"ಅದಾ? ಅದು ಫೈಲಲ್ಲಿ ಭದ್ರವಾಗಿದೆ. ತಂಗಿ, ನೀವು ಬರೆದದ್ದು ಕವರಿಂಗ್ ಲೆಟರ್ ಅಲ್ಲ ಕಣಮ್ಮ. ಅದೊಂಥರಾ ಕಥೆ. ನಾನು ಸರಿಯಾದ ನಮೂನೇಲಿ..."

ಧರ್ಮಾವತಿ ಜಾಹೀರಾತಿನ ಚೂರನ್ನು ಟೈಪ್‌ರೈಟರಿನ ಕೀಲಿಗಳ ಮೇಲಿಟ್ಟಳು. "ಕೊನೇ ನಾಲ್ಕು ಸಾಲು ಓದಿ."

ಅವರು ಓದಿದರು. ಇನ್ನೊಮ್ಮೆ ಓದಿದರು. ಬಾಯಲ್ಲಿದ್ದ ಎಲೆಯನ್ನು ಜಗಿಯುವುದು ನಿಂತಿತು.

"ಅವರು ಕೇಳಿದ್ದೇ ಆ ಪುಟ" ಎಂದಳು ಅವಳು. "ಡಿಗ್ರಿ ಎಲ್ಲರಿಗೂ ಇರುತ್ತೆ. ಮೈಸೂರಲ್ಲಿ, ಮದ್ರಾಸಲ್ಲಿ ಓದಿದವರು ಎಷ್ಟು ಜನ ಹಾಕ್ತಾರೋ. ನನ್ನನ್ನ ಯಾಕೆ ಕರೀಬೇಕು ಅಂತ ಹೇಳೋಕೆ ನನಗಿದ್ದದ್ದು ಅದೊಂದೇ ಹಾಳೆ. ನೀವು ಲಗತ್ತು ಎಣಿಸಿ ಕಳಿಸಿದೀರಿ."

ಜಟ್ಟಪ್ಪ ಸಮಾಧಾನ ಮಾಡಲು ನೋಡಿದ. "ಹೋಗ್ಲಿ ಬಿಡಿ ಅಮ್ಮ. ಕವರಿಂಗ್ ಅಂದ್ಮೇಲೆ ಅಸಲಿ ಚಿನ್ನ ಹೆಂಗಿರ್ತದೆ? ನಮ್ಮನೆಯೋಳು ಶಿವಮೊಗ್ಗದಲ್ಲಿ ಕವರಿಂಗ್ ಬಳೆ ತಗಂಡು ಮೂರು ತಿಂಗ್ಳಿಗೆ ಹಸುರಾಯ್ತು."

"ಜಟ್ಟಪ್ಪ, ಸ್ವಲ್ಪ ಸುಮ್ನಿರು ಮಾರಾಯ" ಎಂದರು ಸೀತಾರಾಮಪ್ಪ. ಅವರ ದನಿ ಸಣ್ಣದಾಗಿತ್ತು.

ಅವರಿಗೆ ಆ ಕ್ಷಣದಲ್ಲಿ ಇನ್ನೊಂದು ಕಾಗದ ಕಣ್ಣಿಗೆ ಕಟ್ಟಿತ್ತು. ಮೂವತ್ತೊಂಬತ್ತರಲ್ಲಿ ಶಿವಮೊಗ್ಗದ ಒಂದು ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಖಾಲಿಯಿದ್ದಾಗ ಅವರೂ ಅರ್ಜಿ ಹಾಕಿದ್ದರು. ನಿಮಿಷಕ್ಕೆ ಅರವತ್ತು ಪದ ಹೊಡೆಯುತ್ತಿದ್ದರು. ಇಡೀ ಕನ್ನಡ ದಸ್ತಾವೇಜನ್ನು ಕೇಳುತ್ತಲೇ ಇಂಗ್ಲಿಷಿಗೆ ತಿರುಗಿಸಬಲ್ಲವರಾಗಿದ್ದರು. ಅದೊಂದನ್ನೂ ಬರೆದಿರಲಿಲ್ಲ. ಮೇಲೆ ಎರಡು ಸಾಲಿನ ಹೊದಿಕೆ, ಕೆಳಗೆ ಲಗತ್ತು ಎರಡು. ಕಾಗದ ವಾಪಸಂತೂ ಬರಲಿಲ್ಲ, ನಿಜ. ಉತ್ತರವೂ ಬರಲಿಲ್ಲ. ಸರಿಯಾದ ನಮೂನೆಯಲ್ಲಿತ್ತು, ಆದ್ದರಿಂದ ಸರಿಯಾಗಿ ಫೈಲಿಗೆ ಹೋಯಿತು ಎಂದು ಹದಿನೆಂಟು ವರ್ಷದ ಮೇಲೆ ಈಗ ಹೊಳೆಯಿತು.

"ಟಪ್ಪಾಲು ಕಟ್ಟೋದು ಹನ್ನೆರಡಕ್ಕೆ" ಎಂದರು. "ಶಿವಮೊಗ್ಗದ ರೈಲು ಹಿಡಿದ್ರೆ ಗುರುವಾರ ಮೈಸೂರು. ತಡ ಆದ್ರೂ ಶುಕ್ರವಾರ. ದಿನ ಇದೆ ತಂಗಿ."

"ಒಂದು ಸಲ ಅರ್ಜಿ ಹೋಗಿದೆ. ಇನ್ನೊಂದು ಕಳಿಸಿದ್ರೆ ತಗೋತಾರಾ? ಎರಡೆರಡು ಅರ್ಜಿ ಹಾಕಿದಾಳೆ ಅಂತ ಎರಡನ್ನೂ ತಳ್ಳಿಹಾಕಿದ್ರೆ?"

ಇಲ್ಲಿ ಸೀತಾರಾಮಪ್ಪನವರ ಬೆನ್ನು ನೆಟ್ಟಗಾಯಿತು. ಇದು ಅವರ ಸೀಮೆ.

"ಇನ್ನೊಂದು ಅರ್ಜಿ ಯಾರು ಕಳಿಸ್ತಾರೆ? 'ಇನ್ ಕಂಟಿನ್ಯುಯೇಷನ್.' ಒಂಬತ್ತನೇ ತಾರೀಖಿನ ನನ್ನ ಅರ್ಜಿಯ ಮುಂದುವರಿಕೆಯಾಗಿ, ಕಣ್ತಪ್ಪಿನಿಂದ ಬಿಟ್ಟುಹೋದ ಪತ್ರ ಇದು, ಅರ್ಜಿಯ ಜೊತೆ ಸೇರಿಸಿಕೊಳ್ಳೋದು. ಮೊದಲಿನ ರಿಜಿಸ್ಟರ್ ನಂಬರ್ ಮೇಲೇ ಹಾಕ್ಬೇಕು. ಅಲ್ಲಿ ಗುಮಾಸ್ತ ಯಾರೇ ಇರ್ಲಿ, ಮುಂದುವರಿಕೆ ಅಂತ ಕಂಡ್ರೆ ಹಳೇ ಕಾಗದ ಹುಡುಕಿ ಪಿನ್ನು ಚುಚ್ಚಲೇಬೇಕು. ಕಡೇ ತಾರೀಖಿನೊಳಗೆ ತಲುಪಿದ್ರೆ ಬೇಡ ಅನ್ನೋ ಹಂಗಿಲ್ಲ."

"ಕಣ್ತಪ್ಪು ಯಾರದ್ದು ಅಂತ ಬರೀತೀರಿ?"

"ಬರೆಯಲ್ಲ. ಅದಕ್ಕೇ ಆ ಪದ ಇರೋದು."

ಜಟ್ಟಪ್ಪ ಕಂಬಕ್ಕೊರಗಿ ಕೂತ. "ನನ್ನ ಬೇಲಿ ಎಲ್ಲೂ ಹೋಗಲ್ಲ. ಈಗಾಗ್ಲೇ ನಾಲ್ಕು ಅಡಿ ಹೋಗಿದೆ, ಇನ್ನೆಲ್ಲಿ ಹೋಗ್ತದೆ. ಮೊದ್ಲು ಅಮ್ಮಂದು ಮಾಡಿ."

ಸಹಿ ಹಾಕಿದ ಎರಡನೇ ಹಾಳೆ ಇನ್ನೂ ಇತ್ತು. ಧರ್ಮಾವತಿ ಅದನ್ನು ಹರಿದುಹಾಕಿ, "ಟೈಪು ಆದ್ಮೇಲೆ ಹಾಕ್ತೀನಿ" ಎಂದಳು. ಸೀತಾರಾಮಪ್ಪನವರು ತಲೆಯಾಡಿಸಿ, ಹೊಸ ಹಾಳೆ ಸುತ್ತಿ, ಮೊದಲ ಬಾರಿಗೆ ಎಲೆ ಉಗುಳಿ ಬಂದು ಕೂತು, ಓದುತ್ತ ಟೈಪು ಮಾಡತೊಡಗಿದರು.

ಪತ್ರದಲ್ಲಿದ್ದುದು ಇಷ್ಟು. ಅವಳು ಶನಿವಾರದ ಡ್ರಾಯಿಂಗ್ ತರಗತಿಯ ಹತ್ತೊಂಬತ್ತು ಮಕ್ಕಳನ್ನು ಒಂದು ದಿನ ಊರ ಹೊರಗಿನ ವೀರಗಲ್ಲಿನ ಹತ್ತಿರ ಕರೆದುಕೊಂಡು ಹೋಗಿದ್ದಳು. ಅದನ್ನು ಎಲ್ಲರೂ ದಿನಾ ಕಂಡಿದ್ದರು, ಯಾರೂ ನೋಡಿರಲಿಲ್ಲ. ಅವಳು ರಾಜವಂಶ, ಶತಮಾನ ಏನನ್ನೂ ಹೇಳಲಿಲ್ಲ. ಸೊಪ್ಪಿನಿಂದ ಕಲ್ಲು ಉಜ್ಜಿ ತೊಳೆಸಿದಳು. ಕಲ್ಲಿನಲ್ಲಿ ಮೂರು ಅಂಕಣ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು, ಕೆಳಗೆ ಏನು ಕಾಣುತ್ತದೆ ಹೇಳಿ ಎಂದಷ್ಟೇ ಕೇಳಿದಳು. ಕೆಳಗೆ ಬಿಲ್ಲು ಹಿಡಿದವನು, ಕುದುರೆ, ಹಸುಗಳ ಸಾಲು. ನಡುವೆ ಅದೇ ಮನುಷ್ಯನನ್ನು ಇಬ್ಬರು ಹೆಂಗಸರು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಅವನು ಕೈಮುಗಿದು ಕೂತಿದ್ದಾನೆ. ತುರು ಕಾಯಲು ಹೋಗಿ ಸತ್ತವನೊಬ್ಬನ ಕಥೆಯನ್ನು ಮಕ್ಕಳೇ ಕೂಡಿಸಿ ಹೇಳಿದರು. ಆಗ ಕೆರಿಯಮ್ಮ ಎಂಬ ಎಂಟು ವರ್ಷದ ಹುಡುಗಿ ಒಂದು ಪ್ರಶ್ನೆ ಕೇಳಿದಳು.

ಆ ಪ್ರಶ್ನೆಯ ಹತ್ತಿರ ಬಂದು ಸೀತಾರಾಮಪ್ಪನವರ ಬೆರಳು ನಿಂತಿತು.

"ತಂಗಿ, ಇದೆಂತ ಬರೆದಿದೀರಿ? 'ಬೋವೈನ್' ಯಾರ ಒಡೆತನಕ್ಕೆ ಸೇರಿದ್ದು ಅಂತ ವಿಚಾರಿಸಿದಳು... ಆ ಹುಡುಗಿ ನಿಜವಾಗಿ ಎಂತ ಕೇಳಿದ್ದು?"

"'ಅಕ್ಕ, ಈ ಹಸ ಯಾರ ಮನೇದು?' ಅಂತ."

ಜಟ್ಟಪ್ಪ ಜೋರಾಗಿ ನಕ್ಕ. "ಒಳ್ಳೇ ಪ್ರಶ್ನೆ! ಮೊದ್ಲು ಕೇಳ್ಬೇಕಾದ್ದೇ ಅದು!"

"ಮತ್ತೆ ಹಾಗೇ ಹಾಕ್ಬಾರದಾ? ಹಸ ಅಂದ್ರೆ ಕೌ. ನಾನು ಅಮಲ್ದಾರರಿಗೂ ಕೌ ಅಂತಲೇ ಬರೀತೀನಿ. ಬೋವೈನ್ ಅಂದ್ರೆ ಅವರಿಗೆ ಹುಡುಗಿ ಕಾಣಲ್ಲ, ನೀವು ಕಾಣ್ತೀರಿ."

ಧರ್ಮಾವತಿ ಅವರ ಮುಖ ನೋಡಿದಳು. ಇಪ್ಪತ್ತೆರಡು ವರ್ಷ ಬೇಡಿಕೊಂಡ ಮನುಷ್ಯ ಹೇಳುವ ಮಾತೇ ಇದು ಎಂದು ಆಶ್ಚರ್ಯವಾಗಿರಬೇಕು. "ಹಾಗೇ ಹಾಕಿ" ಎಂದಳು.

ಉಳಿದದ್ದನ್ನು ಅವರು ತಡೆಯದೆ ಹೊಡೆದರು. ಆ ಪ್ರಶ್ನೆಗೆ ಅವಳಿಗೂ ಉತ್ತರ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದೇ ಹೇಳಿದಳು. ಮುಂದಿನ ಶನಿವಾರ ಮಕ್ಕಳು ತಮ್ಮ ತಮ್ಮ ಮನೆಯ ಗದ್ದೆಯಲ್ಲಿ, ಹಾಡಿಯಲ್ಲಿ ಇಂಥದೇ ಕಲ್ಲುಗಳಿವೆ ಎಂದು ಸುದ್ದಿ ತಂದರು. ತಿಂಗಳೊಳಗೆ ಏಳು ಕಲ್ಲುಗಳ ಚಿತ್ರ ಬರೆದು ಪಟ್ಟಿ ಮಾಡಿದರು. ಅಪ್ಪಂದಿರು ಕತ್ತಿ ಮಸೆಯಲು ಹೋದರೆ ಮಕ್ಕಳು ಬೈಯುವ ಮಟ್ಟಕ್ಕೆ ಬಂತು. ಮ್ಯೂಸಿಯಂ ಕಾಣದವರನ್ನು ಒಳಗೆ ಕರೆಯುವ ದಾರಿ ಇದೇ ಎಂದು ಅವಳು ಬರೆದಿದ್ದಳು. ಅವರ ಊರಲ್ಲಿರುವುದರಿಂದ ಆರಂಭಿಸಬೇಕು, ಹೆಸರುಪಟ್ಟಿ ಓದಿಸುವ ಮೊದಲು ಅವರು ಕೇಳುವುದನ್ನು ಕೇಳಿಸಿಕೊಳ್ಳಬೇಕು, ಕಲ್ಲನ್ನು ನೋಡಿದವರು ಗಾಜಿನ ಪೆಟ್ಟಿಗೆಯನ್ನೂ ನೋಡುತ್ತಾರೆ.

"ಮುಗೀತಾ? ಯಾವತ್ತಿಂದ ಸೇರಬಲ್ಲಿರಿ, ಎಲ್ಲಿಗೆ ಕಾಗದ ಬರೀಬೇಕು, ಅದು ಬೇಡ್ವಾ?" ಎಂದರು ಸೀತಾರಾಮಪ್ಪ. "ಇಷ್ಟು ಚಂದ ಬರೆದು ವಿಳಾಸ ಬಿಟ್ರೆ ಅವರು ಕರೆಯೋದು ಯಾರನ್ನ, ಹಸುವನ್ನಾ?"

ಅದು ನಿಜವಾಗಿಯೂ ಬಿಟ್ಟುಹೋಗಿತ್ತು. ಕೊನೆಗೆ ಒಂದು ಸಾಲು ಸೇರಿತು. ಪುಟ ಮೀರಲಿಲ್ಲ. ಬೆಗ್ ಎಲ್ಲಿ ಹಾಕುವುದೆಂದು ಅವರು ಕೇಳಲೂ ಇಲ್ಲ. ಮುಂದುವರಿಕೆಯ ಟಿಪ್ಪಣಿಯನ್ನು ಮಾತ್ರ ಪತ್ರದ ನೆತ್ತಿಯಲ್ಲಿ, ಮೊದಲ ರಿಜಿಸ್ಟರ್ ನಂಬರಿನ ಸಮೇತ, ತಮ್ಮ ಧಾಟಿಯಲ್ಲೇ ಹಾಕಿದರು.

ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಜಗುಲಿಯನ್ನು ಜಟ್ಟಪ್ಪನ ಸುಪರ್ದಿಗೆ ಬಿಟ್ಟು ಇಬ್ಬರೂ ಓಡಿದರು. ಸೀತಾರಾಮಪ್ಪ ಓಡುವುದನ್ನು ತೀರ್ಥಹಳ್ಳಿ ಅದುವರೆಗೆ ಕಂಡಿರಲಿಲ್ಲ. ಅಂಚೆ ಕಚೇರಿಯಲ್ಲಿ ಗುಮಾಸ್ತ ನಾರಾಯಣಮೂರ್ತಿ ಚೀಲದ ಬಾಯಿಗೆ ದಾರ ಸುತ್ತುತ್ತಿದ್ದ.

"ರಿಜಿಸ್ಟರ್ ಆಗಲ್ಲ ಸೀತಾರಾಮಪ್ಪ. ಪಟ್ಟಿ ಬರೆದಾಯ್ತು."

"ಮೂರ್ತಿ, ಇಪ್ಪತ್ತೆರಡು ವರ್ಷದಲ್ಲಿ ನಾನು ಕಡೇ ಗಳಿಗೇಲಿ ಬಂದದ್ದು ಇದೆಯೇನಯ್ಯ?"

"ಇಲ್ಲ."

"ಮತ್ತೆ? ಈಗ ಬಂದಿದೀನಿ."

ನಾರಾಯಣಮೂರ್ತಿ ಇಬ್ಬರ ಏದುಸಿರು ನೋಡಿ, ಗಡಿಯಾರ ನೋಡಿ, ಪಟ್ಟಿಯ ಕೊನೆಗೆ ಒಂದು ಸಾಲು ಏರಿಸಿದ.

ಆಮೇಲೆ ಹದಿಮೂರು ದಿನ ಏನೂ ಬರಲಿಲ್ಲ. ಸೀತಾರಾಮಪ್ಪನವರು ಎರಡು ಅರ್ಜಿಗಳಲ್ಲಿ ತಾರೀಖು ತಪ್ಪು ಹೊಡೆದರು. ಹೆಂಡತಿ ಯಮುನಮ್ಮ, "ನಿಮ್ಗೆ ಮೈಸೂರಲ್ಲಿ ಎಂತದು? ನಮ್ಮ ಮಗಳೂ ಅಲ್ಲ, ಜಾತಿಯೂ ಅಲ್ಲ" ಎಂದರೆ, "ನನ್ನ ಕೈಯಿಂದ ಹೋದ ಕಾಗದ ಕಣೇ" ಎಂದು ಅಷ್ಟಕ್ಕೇ ಬಿಟ್ಟರು. ತಿಮ್ಮಣ್ಣನ ಬಸ್ಸು ಬಂದಾಗಲೆಲ್ಲ ಜಗುಲಿಯಿಂದ ಇಳಿದು ನಿಲ್ಲುತ್ತಿದ್ದರು.

ಸಂದರ್ಶನದ ಕಾರ್ಡು ಬಂದ ಸುದ್ದಿ ತಿಮ್ಮಣ್ಣನ ಬಾಯಲ್ಲೇ ಬಂತು. ಧರ್ಮಾವತಿ ಅಪ್ಪನೊಡನೆ ಮೈಸೂರಿಗೆ ಹೋಗಿ ಬಂದಳು. ಬಂದವಳು ಜಗುಲಿಗೆ ಬಂದು ನಡೆದದ್ದೆಲ್ಲ ಹೇಳಿದಳು. ಮೇಜಿನ ಆಚೆ ಮೂವರಿದ್ದರು. ನಡುವೆ ಕೂತ ಮುದುಕರು ಅವಳ ಎರಡೂ ಪತ್ರವನ್ನು ಅಕ್ಕಪಕ್ಕ ಇಟ್ಟುಕೊಂಡಿದ್ದರು. ಇವೆರಡನ್ನೂ ಒಬ್ಬರೇ ಬರೆದದ್ದೇ ಎಂದು ಕೇಳಿದರು.

"ನೀವೆಂತ ಹೇಳಿದ್ರಿ?" ಎಂದರು ಸೀತಾರಾಮಪ್ಪ.

"ಟೈಪು ಮಾಡಿದವರು ಒಬ್ಬರೇ ಅಂದೆ."

ಮುದುಕರು ನಕ್ಕರಂತೆ. ಆಮೇಲೆ ಒಳಗಿನಿಂದ ಒಂದು ಹಿತ್ತಾಳೆಯ ತೂಗುದೀಪ ತರಿಸಿ, ಚಹಾ ತರುವ ಆಳನ್ನು ಕೂರಿಸಿ, ಇವನಿಗೆ ಇದನ್ನು ತೋರಿಸಿ ಎಂದರಂತೆ. ಅವಳು ಆ ಮನುಷ್ಯನನ್ನು, ನಿಮ್ಮ ಮನೆಯಲ್ಲಿ ದೀಪ ಎಲ್ಲಿಡುತ್ತೀರಿ ಎಂದು ಕೇಳಿ ಶುರು ಮಾಡಿದಳು. ಅವನು ಮಾತಾಡುತ್ತ ಮಾತಾಡುತ್ತ ಚಹಾ ತರುವುದನ್ನೇ ಮರೆತನಂತೆ.

ಡಿಸೆಂಬರ್ ಎರಡನೇ ವಾರ ನೇಮಕದ ಆದೇಶ ಬಂತು. ಮೊದಲ ಆರು ತಿಂಗಳು ತಾತ್ಕಾಲಿಕ, ಕೆಲಸ ನೋಡಿ ಮುಂದಿನದು. ಮೂಡುಬಿದಿರೆಯವರಿಗೆ ಮೇಷ್ಟ್ರು, ಸದ್ಯಕ್ಕಿಲ್ಲ ಎಂದು ಕಾರ್ಡು ಬರೆದರು. ಅದನ್ನು ಟೈಪು ಮಾಡಿಸಲಿಲ್ಲ.

ಹೊರಡುವ ದಿನ ಹೊಸನಗರದ ಬಸ್ಸು ತೀರ್ಥಹಳ್ಳಿಯಲ್ಲಿ ಕಾಲು ಗಂಟೆ ನಿಂತಿತು. ಸೀತಾರಾಮಪ್ಪನವರು ಅಂದು ಜಗುಲಿ ಬಿಟ್ಟು ಬಸ್ ಸ್ಟ್ಯಾಂಡಿನಲ್ಲೇ ಇದ್ದರು. ಆದೇಶದ ಕಾಗದ ಈಸಿಕೊಂಡು, ಅಂಚು, ಸಾಲು, ಮೊಹರು ಎಲ್ಲ ಪರೀಕ್ಷಿಸಿದರು. "ಟೈಪಿಂಗ್ ಸುಮಾರಾಗಿದೆ" ಎಂದು ಹಿಂದಕ್ಕೆ ಕೊಟ್ಟರು.

ತಿಮ್ಮಣ್ಣ ಶಿಳ್ಳೆ ಹಾಕಿದ. ಧರ್ಮಾವತಿ ಕಿಟಕಿಯಿಂದ ಬಗ್ಗಿದಳು.

"ಸೀತಾರಾಮಪ್ಪೋರೆ, ಯುಗಾದಿ ಕಳೆದ್ಮೇಲೆ ಬಾಗಿಲು ತೆಗೀತಾರೆ. ಯಮುನಮ್ಮೋರನ್ನ ಕರ್ಕೊಂಡು ಬನ್ನಿ. ನೀವು ಯಾವತ್ತಾದ್ರೂ ಮ್ಯೂಸಿಯಂ ನೋಡಿದೀರಾ?"

"ಎಲ್ಲಿಂದ ನೋಡ್ತೀನಿ ತಂಗಿ." ಬಸ್ಸು ಅಲುಗಿತು. ಅವರು ನಾಲ್ಕು ಹೆಜ್ಜೆ ಜೊತೆಗೇ ನಡೆದರು. "ಒಳಗೆ ಬಿಡ್ಬೇಕಾದ್ರೆ ಯಾರಿಗೆ ಅರ್ಜಿ ಹಾಕ್ಬೇಕು?"

"ಯಾರಿಗೂ ಬೇಡ! ಸುಮ್ನೆ ಬನ್ನಿ!"

ಬಸ್ಸು ತಿರುವು ದಾಟಿತು. ಅರ್ಜಿಯೇ ಇಲ್ಲದೆ ಒಳಗೆ ಬಿಡುವ ಆಫೀಸು ಹೇಗಿರುತ್ತದೆ ಎಂದು ಅವರಿಗೆ ಅಂದಾಜಾಗಲಿಲ್ಲ. ಆದರೂ, ಯುಗಾದಿ ಯಾವ ತಿಂಗಳಲ್ಲಿ ಬರುತ್ತದೆಂದು ನೋಡಲು ಜವಳಿ ಅಂಗಡಿಯ ಹೊಸ ವರ್ಷದ ಕ್ಯಾಲೆಂಡರಿನ ಕಡೆಗೆ ಹೊರಟರು.